ಜುಲೈ ಬಿಲ್ಲಿನೊಳಗೆ ಜೂನ್ ತಿಂಗಳ ದುಡ್ಡು

ನಮ್ಮ ಬಿಲ್ಲಿಂಗ್ ಸಾಫ್ಟ್‌ವೇರಿಗೆ ತಿಂಗಳ ಚಂದಾ ಕಟ್ಟುವ ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದ ಮಾಲೀಕರೊಬ್ಬರು ಜುಲೈ 1ಕ್ಕೆ ಫೋನ್ ಮಾಡಿದರು. "ಯಾಕ್ರಿ, ಜುಲೈದಿಂದ ದೊಡ್ಡ ಪ್ಲಾನಿಗೆ ತೆರಿಗೆ ಸೇರಿ 1,416 ಕಟ್ ಆಗಬೇಕಿತ್ತು, 1,770 ಕಟ್ ಆಗೇತಿ. ಉಳದ 354 ಎಲ್ಲಿಗೆ ಹೋತು?" ನಮ್ಮ ತಂಡದ ಹುಡುಗ ಕೊನೆಯ ಇನ್‌ವಾಯ್ಸ್ ತೆಗೆದ. ಒಟ್ಟು ಮೊತ್ತಕ್ಕೂ ಪ್ಲಾನಿನ ದರಕ್ಕೂ ತಾಳೆಯಾಗಲಿಲ್ಲ. ಕ್ಷಮೆ ಕೇಳಿ 354 ರೂಪಾಯಿ ವಾಪಸ್ ಹಾಕಿಬಿಟ್ಟ. ಒಳ್ಳೆಯ ಹುಡುಗ, ಗ್ರಾಹಕರ ದನಿ ಏರಿದರೆ ಕರಗಿಬಿಡುತ್ತಾನೆ. ಆದರೆ ಆ ಬಿಲ್ ಸರಿಯಾಗಿಯೇ ಇತ್ತು.

ಎಷ್ಟು ಸಲ ಹೇಳಿದರೂ ತಲೆಗೆ ಹೋಗದ ಮಾತು ಇದೊಂದೇ: ಇನ್‌ವಾಯ್ಸಿನ ತಾರೀಖು ಬೇರೆ, ಅದರೊಳಗಿನ ಒಂದೊಂದು ಸಾಲಿನ ಅವಧಿ ಬೇರೆ. ಜುಲೈ 1ರ ಬಿಲ್ಲಿನಲ್ಲಿ ಜೂನ್ ತಿಂಗಳ ಸಾಲು ಕೂತಿರಬಹುದು. ಅವರ ಬಿಲ್ಲಿನಲ್ಲಿ ಹೀಗಿತ್ತು:

```
Unused time on Basic after 16 Jun      -300
Remaining time on Plus after 16 Jun     600
Plus, 1 Jul - 31 Jul                   1200
```

ಅವರು ಜೂನ್ 1ಕ್ಕೆ ಇಡೀ ತಿಂಗಳಿಗೆ 600 ರೂಪಾಯಿ ಮುಂಗಡ ಕಟ್ಟಿದ್ದರು. 16ರ ಬೆಳಗಾಗುವ ಮುಂಚೆಯೇ ಯಾರೋ 1,200ರ ಪ್ಲಾನಿಗೆ ಏರಿಸಿದ್ದಾರೆ. ತಿಂಗಳಿಗೆ 30 ದಿನ, ಉಳಿದದ್ದು 15. ಹಳೆಯ ಪ್ಲಾನಿನಲ್ಲಿ ಬಳಸದೆ ಉಳಿದ 15 ದಿನದ 300 ರೂಪಾಯಿ ಅವರಿಗೇ ಮರಳಿ ಬಂತು, ಅದಕ್ಕೇ ಅಲ್ಲಿ ಮೈನಸ್ ಗುರುತು. ಹೊಸ ಪ್ಲಾನಿನ 15 ದಿನಕ್ಕೆ 600 ಸೇರಿತು. ಅಲ್ಲಿಗೆ ಜೂನ್ ಬಾಕಿ 300. ಜುಲೈನ 1,200 ಸೇರಿ 1,500, ಅದರ ಮೇಲೆ ಶೇ. 18 ಜಿಎಸ್‌ಟಿ 270. ಒಟ್ಟು 1,770. ಅವರು ಕೇಳಿದ 354 ಅಂದರೆ ಆ 300 ಮತ್ತು ಅದರ ತೆರಿಗೆ 54, ಅಷ್ಟೇ.

ಲೆಕ್ಕ ಯಾವಾಗಲೂ ಇಷ್ಟು ನುಣುಪಾಗಿ ಬರುವುದಿಲ್ಲ. ಕೆಲವು ವ್ಯವಸ್ಥೆಗಳು ಸೆಕೆಂಡಿನ ಲೆಕ್ಕ ಹಿಡಿಯುತ್ತವೆ, ಮಧ್ಯಾಹ್ನ ಪ್ಲಾನ್ ಬದಲಿಸಿದರೆ ಪೈಸೆಗಳು ಬರುತ್ತವೆ. ಕೆಲವು ಕಡೆ ಈ ವ್ಯತ್ಯಾಸದ ಹಣವನ್ನು ಬದಲಿಸಿದ ದಿನವೇ ಬೇರೆ ಇನ್‌ವಾಯ್ಸ್ ಮಾಡಿ ಕಟ್ ಮಾಡುತ್ತಾರೆ. ಹಾಗಾಗಿ ಕೊನೆಯದೊಂದನ್ನೇ ನೋಡಬೇಡಿ, ಹಿಂದಿನದನ್ನೂ ಪಕ್ಕದಲ್ಲಿ ತೆರೆದಿಡಿ. ಅದೇ 300 ಎರಡೂ ಬಿಲ್ಲಿನಲ್ಲಿ ಬಂದಿದ್ದರೆ ಆಗ ತಪ್ಪು ನಮ್ಮದು, ಕೊಡಲೇಬೇಕು. ಕೊಡುವಾಗಲೂ ಕ್ರೆಡಿಟ್ ನೋಟ್ ಮಾಡಿಯೇ ಕೊಡಿ. ಸುಮ್ಮನೆ ದುಡ್ಡು ಕಳಿಸಿದರೆ ತೆರಿಗೆ ಲೆಕ್ಕದಲ್ಲಿ 1,770 ಹಾಗೇ ಉಳಿದುಬಿಡುತ್ತದೆ.

ಮಾಲೀಕರಿಗೆ ನಾನೇ ತಿರುಗಿ ಫೋನ್ ಮಾಡಿದೆ. ಶೇಕಡಾ ಲೆಕ್ಕ ಬಿಟ್ಟು, "ಅಣ್ಣಾರ, ಜೂನ್ 16ಕ್ಕ ನಿಮ್ಮ ಲಾಗಿನ್‌ನಿಂದಲೇ ಪ್ಲಾನ್ ಏರಿಸ್ಯಾರ" ಅಂದೆ. ಒಂದು ಗಳಿಗೆ ಸುಮ್ಮನಾದರು. ಆಮೇಲೆ ಫೋನ್ ಪಕ್ಕಕ್ಕೆ ಹಿಡಿದು ಮಗನನ್ನು ಕೂಗಿದ್ದು ಕೇಳಿಸಿತು. ಎರಡನೇ ಕೌಂಟರಿಗೆ ಬಿಲ್ ಹಾಕಲು ಇನ್ನೊಂದು ಲಾಗಿನ್ ಬೇಕಾಗಿ ಅವನೇ ಜುಲೈವರೆಗೆ ಕಾಯದೆ ಏರಿಸಿದ್ದನಂತೆ.