ರೋಸ್ಟ್‌ನ ಕೊನೆಗೆ ಮನಸಾರೆ ಮೆಚ್ಚುಗೆ: ಏಕೆ ಬೇಕು, ಹೇಗೆ ಬರೆಯಬೇಕು

ಒಬ್ಬರನ್ನು ಎದುರಿಗೆ ಕೂರಿಸಿಕೊಂಡು, ಅವರ ಒಪ್ಪಿಗೆಯಿಂದಲೇ ಅವರನ್ನು ಗೇಲಿ ಮಾಡುವ ಭಾಷಣಕ್ಕೆ ರೋಸ್ಟ್ ಎನ್ನುತ್ತಾರೆ. ಈ ಪದ್ಧತಿಗೆ ಹೆಸರು ತಂದುಕೊಟ್ಟದ್ದು 1904ರಲ್ಲಿ ನ್ಯೂಯಾರ್ಕ್‌ನಲ್ಲಿ ಆರಂಭವಾದ, ಮನರಂಜನಾ ಕ್ಷೇತ್ರದವರ ಫ್ರಯರ್ಸ್ ಕ್ಲಬ್. ತಾವು ಪ್ರೀತಿಸುವವರನ್ನು ಮಾತ್ರ ರೋಸ್ಟ್ ಮಾಡುತ್ತೇವೆ ಎಂಬುದು ಆ ಕ್ಲಬ್ಬಿನವರ ಪ್ರಸಿದ್ಧ ಮಾತು. ಅಲ್ಲಿ ಬೆಳೆದ ರೂಢಿಯಂತೆ ಗೇಲಿ ಮಾಡಿದ ಪ್ರತಿಯೊಬ್ಬರೂ ಕೊನೆಗೆ ಒಂದೆರಡು ವಾಕ್ಯ ಮನಸಾರೆ ಹೊಗಳಿ ಕೂರುತ್ತಾರೆ, ಎಲ್ಲರ ಸರದಿ ಮುಗಿದ ಮೇಲೆ ಗೇಲಿಗೊಳಗಾದವರೇ ಎದ್ದು ಉತ್ತರ ಕೊಡುತ್ತಾರೆ. ಈ ಟಿಪ್ಪಣಿ ಆ ಒಂದೆರಡು ವಾಕ್ಯಗಳ ಬಗ್ಗೆ ಮಾತ್ರ.

ನಮಗೆ ನಿಂದಾಸ್ತುತಿ ಹೊಸದಲ್ಲ. ದಾಸರು ದೇವರನ್ನು ಬೈದಂತೆ ಹಾಡಿ ಹೊಗಳಿದ್ದನ್ನು ಕೇಳುತ್ತಲೇ ಬೆಳೆದಿದ್ದೇವೆ. ಅಲಂಕಾರಶಾಸ್ತ್ರದಲ್ಲಿ ಅದಕ್ಕೆ ವ್ಯಾಜಸ್ತುತಿ ಎಂಬ ಹೆಸರೂ ಇದೆ. ಆದ್ದರಿಂದ ಬೈಗುಳದ ಒಳಗೇ ಹೊಗಳಿಕೆ ಇರುವಾಗ ಕೊನೆಗೆ ಬೇರೆ ಹೊಗಳಿಕೆ ಏಕೆ ಎಂದು ಕೇಳುವವರಿದ್ದಾರೆ. ವ್ಯತ್ಯಾಸ ಇರುವುದು ಕೇಳುಗರಲ್ಲಿ. ದಾಸರು ದೇವರನ್ನು ಬೈಯುವಾಗ ಅವರ ಭಕ್ತಿಯ ಬಗ್ಗೆ ಯಾವ ಕೇಳುಗನಿಗೂ ಅನುಮಾನವಿರುವುದಿಲ್ಲ. ರೋಸ್ಟ್ ನಡೆಯುವ ಸಭೆಯಲ್ಲಿ ಆ ಖಾತ್ರಿ ಇಲ್ಲ. ಮುಂದಿನ ಸಾಲಿನ ಗೆಳೆಯರಿಗೆ ಗೇಲಿಯ ಹಿಂದಿನ ಸಲಿಗೆ ಗೊತ್ತಿರುತ್ತದೆ, ಆದರೆ ಅದೇ ಸಭೆಯಲ್ಲಿ ಗೇಲಿಗೊಳಗಾದವರ ಹೆಂಡತಿ, ಬೀಗರು, ನಿನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಹುಡುಗರು ಕೂಡ ಕುಳಿತಿರುತ್ತಾರೆ. ಅವರಿಗೆ ಕೇಳಿಸುವುದು ಬರಿಯ ಬೈಗುಳ. ಮಾತಾಡಿದವನಿಗೆ ಇಷ್ಟು ಸಲಿಗೆ ಎಲ್ಲಿಂದ ಬಂತು ಎಂಬುದಕ್ಕೆ ಕೊನೆಯ ಮೆಚ್ಚುಗೆ ಉತ್ತರ ಕೊಡುತ್ತದೆ, ಮತ್ತು ಆ ಉತ್ತರ ಸಿಕ್ಕ ಮೇಲೆ ಹಿಂದಿನ ಗೇಲಿಯೆಲ್ಲ ಅವರ ಮನಸ್ಸಿನಲ್ಲಿ ಬೇರೆ ಅರ್ಥ ಪಡೆಯುತ್ತದೆ.

ಇನ್ನೊಂದು ಕಾರಣ ಗೇಲಿಗೊಳಗಾದವರ ಕಡೆಯದು. ನೂರು ಜನ ನಗುತ್ತಿರುವಾಗ ನಡುವೆ ಕುಳಿತವರು ತಾವೂ ನಗಲೇಬೇಕು, ಬೇರೆ ದಾರಿಯಿಲ್ಲ. ಕೊನೆಯ ಮಾತೂ ಗೇಲಿಯೇ ಆದರೆ ಅವರು ಉತ್ತರ ಕೊಡಲು ಏಳುವುದು ಸೋತವರ ಹಾಗೆ, ಒಂದೋ ಸಿಟ್ಟಿನಿಂದ, ಇಲ್ಲವೇ ಹುಳ್ಳಗೆ ನಕ್ಕು. ಮೆಚ್ಚುಗೆಯ ಮಾತು ಕೇಳಿ ಎದ್ದವರಿಗೆ ಮಾತ್ರ ಸಮಾನರಾಗಿ ನಿಂತು ತಿರುಗಿ ಗೇಲಿ ಮಾಡುವ ಉಸಿರು ಇರುತ್ತದೆ.

ಕೊನೆಯ ಕ್ಷಣಕ್ಕೆ ನೆನಪಿನಲ್ಲಿರುವ ತೂಕವೂ ಇಲ್ಲಿ ಸೇರುತ್ತದೆ. ಮನಶ್ಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನರು ಒಮ್ಮೆ 14 ಡಿಗ್ರಿ ಸೆಲ್ಸಿಯಸ್ ತಣ್ಣೀರಿನಲ್ಲಿ 60 ಸೆಕೆಂಡು ಕೈಯಿಟ್ಟರು. ಇನ್ನೊಮ್ಮೆ ಅದೇ 60 ಸೆಕೆಂಡಿನ ಜೊತೆಗೆ ಮತ್ತೆ 30 ಸೆಕೆಂಡು ಕೈಯಿಟ್ಟರು, ಆ ಅವಧಿಯಲ್ಲಿ ನೀರು ನಿಧಾನವಾಗಿ 15 ಡಿಗ್ರಿಗೆ ಏರಿತು. ಮತ್ತೆ ಮಾಡುವುದಾದರೆ ಯಾವುದು ಎಂದು ಕೇಳಿದಾಗ ಹೆಚ್ಚಿನವರು ದೀರ್ಘವಾದುದನ್ನೇ ಆರಿಸಿಕೊಂಡರು. ಅದು ನೋವಿನ ಪ್ರಯೋಗ, ಭಾಷಣದ್ದಲ್ಲ. ಆದರೂ ಅನುಭವ ಹೇಗೆ ಮುಗಿಯಿತು ಎಂಬುದು ಅದರ ನೆನಪನ್ನು ಎಷ್ಟು ಬದಲಿಸುತ್ತದೆ ಎಂದು ತಿಳಿಯಲು ಅಷ್ಟು ಸಾಕು. ಇದನ್ನು ಓದಿ, ಕೊನೆಗೆ ಒಳ್ಳೆಯ ಮಾತಾಡಿದರೆ ಮೊದಲು ಏನು ಬೇಕಾದರೂ ಅನ್ನಬಹುದು ಎಂದು ಯಾರೂ ತಿಳಿಯಬಾರದು. ಜಾತಿ, ಮೈಬಣ್ಣ, ಕಾಯಿಲೆ, ಸಾಲ, ಮಕ್ಕಳಿಲ್ಲದಿರುವುದು, ಇಂಥದ್ದನ್ನು ಹಿಡಿದು ಆಡಿದ ಗೇಲಿಯನ್ನು ಯಾವ ಮೆಚ್ಚುಗೆಯೂ ತೊಳೆಯುವುದಿಲ್ಲ.

ಈಗ ಬರೆಯುವ ಕೆಲಸಕ್ಕೆ ಬರೋಣ. ಉದಾಹರಣೆಗೆ, ಸಕಲೇಶಪುರದ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್ ನಿವೃತ್ತರಾಗುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಹಾಜರಿ ಬರೆಯುವುದು, ಕೊಯ್ದ ಹಣ್ಣು ತೂಗಿಸಿ ಲೆಕ್ಕ ಇಡುವುದು, ವಾರದ ಬಟವಾಡೆ ಮಾಡುವುದು, ಬೆಳಿಗ್ಗೆ ಮಳೆಯ ಅಳತೆ ನೋಡಿ ಪುಸ್ತಕಕ್ಕೆ ಏರಿಸುವುದು ಅವರ ಕೆಲಸ. ಬೀಳ್ಕೊಡುಗೆಯ ಊಟಕ್ಕೆ ಮುಂಚೆ ಅವರ ಕೈಕೆಳಗೆ ಪಳಗಿದ ಒಬ್ಬ ಯುವಕ ಐದು ನಿಮಿಷ ರೋಸ್ಟ್ ಮಾಡಬೇಕಾಗಿದೆ.

ಹೊಸಬರು ಗೇಲಿಯನ್ನೆಲ್ಲ ಬರೆದು ಮುಗಿಸಿ, ಕೊನೆಗೆ ಉಳಿದ ಜಾಗದಲ್ಲಿ ಮೆಚ್ಚುಗೆ ತುಂಬುತ್ತಾರೆ. ಬರೆಯುವ ಕ್ರಮ ಇದಕ್ಕೆ ತಿರುಗುಮುರುಗಾಗಿರಬೇಕು. ಮೊದಲು ತೋಟದ ಮೂರ್ನಾಲ್ಕು ಜನರನ್ನು ಬೇರೆ ಬೇರೆಯಾಗಿ ಕಂಡು ಎರಡು ಪ್ರಶ್ನೆ ಕೇಳಬೇಕು: ಇವರ ಯಾವ ಗುಣದಿಂದ ನಿಮಗೆ ತಲೆಚಿಟ್ಟು ಹಿಡಿದಿದೆ, ಯಾವ ದಿನ ಇವರಿಂದ ನಿಮ್ಮ ಕೆಲಸ ಉಳಿಯಿತು. ಎರಡೂ ಉತ್ತರಗಳು ಒಂದೇ ಗುಣದ ಎರಡು ಮುಖಗಳಾಗಿ ಕಾಣುವ ಜಾಗವೇ ರೋಸ್ಟ್‌ನ ಹೂರಣ. ನಮ್ಮ ರೈಟರ್ ವಿಷಯದಲ್ಲಿ ಆ ಗುಣ ಅತಿಯಾದ ಅಳತೆ. ಎಲ್ಲವನ್ನೂ ಅಳೆಯುತ್ತಾರೆ, ಒಂದು ಸೆಂಟ್ ಮಳೆಯನ್ನೂ ಬಿಡುವುದಿಲ್ಲ. (ತೋಟದ ಲೆಕ್ಕದಲ್ಲಿ ಒಂದು ಇಂಚು ಮಳೆಗೆ ನೂರು ಸೆಂಟ್ ಎಂಬುದು ಹಾಸನ, ಚಿಕ್ಕಮಗಳೂರಿನ ಓದುಗರಿಗೆ ಹೇಳಬೇಕಾಗಿಲ್ಲ.) ಗೇಲಿ ಸುಲಭವಾಗಿ ಹುಟ್ಟುತ್ತದೆ: "ನಮ್ ರೈಟ್ರು ಮಳೆ ಅಳೆಯೋ ಗಾಜಲ್ಲೇ ನಮಗೆ ಕಾಫಿನೂ ಅಳ್ದು ಕೊಡೋರು. ಹತ್ತು ಸೆಂಟ್ ಕಾಫಿ ಕುಡ್ದು ಅರ್ಧ ಎಕರೆ ಮರಗಸಿ ಮಾಡಿದೀವಿ."

ಇನ್ನು ಮೆಚ್ಚುಗೆ. ಸಾಮಾನ್ಯವಾಗಿ ಮೊದಲ ಕರಡು ಹೀಗಿರುತ್ತದೆ: "ಇದೆಲ್ಲ ತಮಾಷೆಗೆ ಹೇಳಿದ್ದು, ಯಾರೂ ಬೇಜಾರು ಮಾಡಿಕೊಳ್ಳಬಾರದು. ಆದರೆ ನಿಜವಾಗಿ ನಮ್ಮ ರೈಟರ್ ಅವರು ಸರಳ ಸಜ್ಜನಿಕೆಯ, ಅಜಾತಶತ್ರುವಾದ, ಕರ್ತವ್ಯನಿಷ್ಠ ವ್ಯಕ್ತಿಯಾಗಿದ್ದು, ಅವರ ನಿವೃತ್ತ ಜೀವನ ಸುಖಮಯವಾಗಿರಲಿ ಎಂದು ಹಾರೈಸುತ್ತೇನೆ."

ಇದರಲ್ಲಿ ಕೆಟ್ಟ ಮಾತು ಒಂದೂ ಇಲ್ಲ, ಆದರೂ ಇದು ಕೆಲಸ ಮಾಡುವುದಿಲ್ಲ. ಮೊದಲ ವಾಕ್ಯ ಮೆಚ್ಚುಗೆಯಲ್ಲ, ಕ್ಷಮೆ ಕೇಳಿದಂತೆ. ಬೇಜಾರಾಗುವಂಥದ್ದು ನಡೆದಿದೆ ಎಂದು ಅದು ತಾನೇ ಒಪ್ಪಿಕೊಂಡುಬಿಡುತ್ತದೆ. "ಆದರೆ ನಿಜವಾಗಿ" ಎಂದೊಡನೆ, ಇಲ್ಲಿಯವರೆಗೆ ಹೇಳಿದ್ದು ಸುಳ್ಳು ಎಂದಾಯಿತು. ಸುಳ್ಳಿಗೆ ನಕ್ಕೆವೇ ಎಂದು ಸಭೆಗೆ ಅನ್ನಿಸುತ್ತದೆ. ಅಜಾತಶತ್ರು ಮೊದಲಾದ ಪದಗಳನ್ನು ಯಾವ ಊರಿನ ಯಾವ ಫ್ಲೆಕ್ಸ್‌ನಲ್ಲಿ ಬೇಕಾದರೂ ಓದಬಹುದು. ಪರೀಕ್ಷೆ ಸುಲಭ: ಹೆಸರಿನ ಮೇಲೆ ಬೆರಳಿಟ್ಟು ಮುಚ್ಚಿ, ಪಕ್ಕದ ತೋಟದ ರೈಟರಿಗೂ ಆ ವಾಕ್ಯ ಹೊಂದುತ್ತದೆಯೇ ನೋಡಬೇಕು. ಹೊಂದಿದರೆ ವಾಕ್ಯ ಇನ್ನೂ ಬರೆದಾಗಿಲ್ಲ. ಕೊನೆಯದಾಗಿ, ಗೇಲಿಯೆಲ್ಲ ಆಡುಮಾತಿನಲ್ಲಿದ್ದು ಮೆಚ್ಚುಗೆ ಮಾತ್ರ ಇದ್ದಕ್ಕಿದ್ದಂತೆ ಗ್ರಾಂಥಿಕಕ್ಕೆ ಹಾರಿದೆ. ಕಟ್ಟು ಹಾಕಿಸಿದ ಅಭಿನಂದನಾ ಪತ್ರವನ್ನು ಓದಿದಂತಾಗುವುದು ಇದರಿಂದಲೇ. ನನ್ನ ಲೆಕ್ಕದಲ್ಲಿ ಕನ್ನಡದ ರೋಸ್ಟ್‌ಗಳು ಕೊನೆಯಲ್ಲಿ ಸಪ್ಪೆಯಾಗಲು ಎಲ್ಲಕ್ಕಿಂತ ದೊಡ್ಡ ಕಾರಣ ಇದು. ಯಾವ ನಾಲಿಗೆಯಿಂದ ಬೈದೆವೋ ಅದೇ ನಾಲಿಗೆಯಿಂದ ಹೊಗಳಬೇಕು.

ತಿದ್ದಿದ ಕರಡು ಹೀಗೆ ಬರಬಹುದು: "ರೈಟ್ರೇ, ನೀವು ಎಲ್ಲಾನೂ ಅಳಿತೀರ ಅಂತ ಇಷ್ಟೊತ್ತು ನಗಾಡಿದ್ವಿ. ಆವತ್ತು ಕೊಯ್ಲಲ್ಲಿ ತಕ್ಕಡಿ ಕಮ್ಮಿ ತೋರಿಸ್ತಿದೆ ಅಂತ ಕಂಡುಹಿಡ್ದಿದ್ದು ನೀವೇ. ಯಾರೂ ಕೇಳಿರ್ಲಿಲ್ಲ. ರಾತ್ರಿ ಕೂತು ಅಷ್ಟೂ ಜನದ ಲೆಕ್ಕ ಮೊದಲಿಂದ ಬರ್ದು, ಶನಿವಾರದ ಬಟವಾಡೆಲಿ ಎಲ್ರಿಗೂ ಬಾಕಿ ಸೇರ್ಸಿ ಕೊಟ್ರಿ. ನಿಮ್ ಅಳತೆ ನಂಬ್ಕೊಂಡೇ ನಾವು ಇಲ್ಲೀವರೆಗೂ ಎಣಿಸ್ದೆ ದುಡ್ಡು ಜೇಬಿಗೆ ಹಾಕ್ಕೊಂಡಿದ್ದು."

ಸುಮಾರು ನಲವತ್ತು ಪದಗಳಿವೆ, ನಿಧಾನವಾಗಿ ಹೇಳಿದರೂ ಅರ್ಧ ನಿಮಿಷ ಮೀರದು; ಐದು ನಿಮಿಷದ ಭಾಷಣಕ್ಕೆ ಅಷ್ಟು ಸಾಕು. ಎರಡು ನಿಮಿಷಕ್ಕೆ ಎಳೆದರೆ ರೋಸ್ಟ್ ಹೋಗಿ ಸನ್ಮಾನ ಸಮಾರಂಭವಾಗುತ್ತದೆ. ಇದರಲ್ಲಿ "ಆದರೆ" ಇಲ್ಲ. ಗೇಲಿಯಲ್ಲಿ ಸಭೆಯ ಕಿವಿಗೆ ಬಿದ್ದಿದ್ದ ಅಳತೆಯ ಮಾತೇ ಮೆಚ್ಚುಗೆಗೂ ದಾಟಿಸುತ್ತದೆ. ಹಾಗಾಗಿ ಹಿಂದೆ ಹೇಳಿದ್ದು ಸುಳ್ಳಾಗುವುದಿಲ್ಲ, ಅದೇ ಗುಣಕ್ಕೆ ಇನ್ನೊಂದು ಮುಖವಿದೆ ಎಂದಷ್ಟೇ ಆಗುತ್ತದೆ. ಒಳ್ಳೆಯವರು, ಪ್ರಾಮಾಣಿಕರು ಎಂಬ ಗುಣವಾಚಕ ಎಲ್ಲಿಯೂ ಬಂದಿಲ್ಲ, ಅವರು ಮಾಡಿದ್ದನ್ನು ಹೇಳಿದ್ದರಿಂದ ಆ ಪದವನ್ನು ಕೇಳುಗರೇ ಹಾಕಿಕೊಳ್ಳುತ್ತಾರೆ. ಮುಖ್ಯವಾಗಿ, ಗೇಲಿಯುದ್ದಕ್ಕೂ ಸಭೆಯ ಕಡೆ ತಿರುಗಿ "ನಮ್ ರೈಟ್ರು" ಎನ್ನುತ್ತಿದ್ದವನು ಈಗ ಅವರ ಕಡೆ ತಿರುಗಿ "ನೀವು" ಎನ್ನುತ್ತಾನೆ. ನಗು ನಿಂತಿತು, ಮಾತು ಬದಲಾಯಿತು ಎಂಬ ಸೂಚನೆ ಸಭೆಗೆ ಈ ಒಂದು ಸರ್ವನಾಮದಿಂದಲೇ ಸಿಗುತ್ತದೆ. ಅದಕ್ಕೆ ಮುಂಚೆ ಕೊನೆಯ ಗೇಲಿಯ ನಗು ಪೂರ್ತಿ ಇಳಿಯುವವರೆಗೆ ಕಾಯಬೇಕು. ನಗುವಿನ ಮೇಲೆಯೇ ಶುರುಮಾಡಿದರೆ "ರೈಟ್ರೇ" ಎಂಬುದೂ ಇನ್ನೊಂದು ಗೇಲಿಯ ಪೀಠಿಕೆ ಎಂದು ಭಾವಿಸಿ ಜನ ನಗಲು ಸಿದ್ಧರಾಗುತ್ತಾರೆ.

ಮೆಚ್ಚುಗೆಯೂ ಒಬ್ಬರಿಗೆ ನೋವು ಮಾಡಬಹುದು ಎಂಬುದನ್ನು ಅನೇಕರು ಗಮನಿಸುವುದಿಲ್ಲ. "ಇಂಥವರ ಮನೆಯ ಆಸ್ಪತ್ರೆ ಖರ್ಚನ್ನು ರೈಟರೇ ಕೊಟ್ಟರು" ಎಂದು ಹೊಗಳಿದರೆ ಹಣ ಪಡೆದವರು ಸಭೆಯಲ್ಲಿ ತಲೆ ತಗ್ಗಿಸಬೇಕಾಗುತ್ತದೆ. ಮೇಲಿನ ತಕ್ಕಡಿಯ ಪ್ರಸಂಗದಲ್ಲಿಯೂ ಇಂಥ ಮುಳ್ಳಿದೆ: ತೋಟದ ತಕ್ಕಡಿ ಕಡಿಮೆ ತೋರಿಸುತ್ತಿತ್ತು ಎಂದು ಸಾಹುಕಾರರ ಎದುರಿಗೇ ಹೇಳಿದಂತಾಗುತ್ತದೆ. ಅವರಿಗೆ ಮೊದಲೇ ತಿಳಿಸಿ, ಅವರು ಒಪ್ಪದಿದ್ದರೆ ಪ್ರಸಂಗವನ್ನು ಬದಲಿಸಬೇಕು. ಗೇಲಿಗಷ್ಟೇ ಒಪ್ಪಿಗೆ ಕೇಳಿ ಮೆಚ್ಚುಗೆಗೆ ಕೇಳದಿರುವುದು ಸರಿಯಲ್ಲ.

ಮೂರ್ನಾಲ್ಕು ಜನ ಸಾಲಾಗಿ ರೋಸ್ಟ್ ಮಾಡುವುದಾದರೆ ಹಿಂದಿನ ದಿನವೇ ಎಲ್ಲರೂ ತಮ್ಮ ತಮ್ಮ ಕೊನೆಯ ವಾಕ್ಯಗಳನ್ನು ಮಾತ್ರ ಓದಿಕೊಂಡು ಹೋಲಿಸಬೇಕು. ಗೇಲಿಗಳನ್ನು ಗುಟ್ಟಾಗಿಟ್ಟುಕೊಳ್ಳಲಿ, ತೊಂದರೆಯಿಲ್ಲ. ಒಂದೇ ಪ್ರಸಂಗವನ್ನು ಇಬ್ಬರು ಹೊಗಳಿದರೆ ಎರಡನೆಯವನ ಮಾತು ಬಾಯಿಪಾಠದಂತೆ ಕೇಳಿಸುತ್ತದೆ. ಮೊದಲಿನವರು ಒಂದೊಂದೇ ವಾಕ್ಯಕ್ಕೆ ಮುಗಿಸಿ, ಇಡೀ ಪ್ರಸಂಗವನ್ನು ಕೊನೆಯವನಿಗೆ ಬಿಡುವುದು ಒಳ್ಳೆಯದು.

ಮೆಚ್ಚುಗೆ ಮುಗಿದ ಮೇಲೆ ಮತ್ತೊಂದು ಗೇಲಿ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ, ಏಕೆಂದರೆ ಆ ನಿಶ್ಶಬ್ದದಲ್ಲಿ ನಿಲ್ಲುವುದು ಮಾತಾಡುವವನಿಗೇ ಮುಜುಗರ. ಅದನ್ನು ಸೇರಿಸಿದರೆ ಹೊಗಳಿದ್ದೂ ಗೇಲಿಯ ತಯಾರಿಯಾಗಿತ್ತು ಎಂದಾಗಿ, ಹಿಂದೆ ಕಟ್ಟಿದ್ದೆಲ್ಲ ಬಿದ್ದುಹೋಗುತ್ತದೆ. ನಿರೂಪಕರಿಗೂ ಇದನ್ನು ಮುಂಚೆಯೇ ಹೇಳಿಡಬೇಕು: ಕೊನೆಯವನು ಕುಳಿತ ಮೇಲೆ ನಡುವೆ ತಮ್ಮದೊಂದು ಚಟಾಕಿ ಹಾರಿಸದೆ ಮೈಕನ್ನು ನೇರವಾಗಿ ರೈಟರ್ ಕೈಗೆ ಕೊಡಬೇಕು, ಮುಂದಿನ ಗೇಲಿಯ ಹಕ್ಕು ಅವರದು.