ಒಂದೇ ಫೋಟೊ ಮೂರು ಕಡೆ ಇದ್ದರೆ ಯಾವುದನ್ನು ಅಳಿಸಬೇಕು?

ಪ್ರಶ್ನೆ: ಹತ್ತು ವರ್ಷದ ಕ್ಯಾಮೆರಾ, ಫೋನ್, ವಾಟ್ಸಾಪ್ ಫೋಟೊಗಳೆಲ್ಲ ಒಂದೇ ಹಾರ್ಡ್ ಡಿಸ್ಕಿನಲ್ಲಿವೆ. ಒಂದೇ ಚಿತ್ರ ಮೂರ್ನಾಲ್ಕು ಕಡೆ ಸಿಗುತ್ತದೆ. ಸಾಫ್ಟ್‌ವೇರ್ ನಂಬಿ ಅಳಿಸಬಹುದಾ?

ಅರ್ಧ ನಂಬಬಹುದು. ಮೊದಲು ಇಡೀ ಸಂಗ್ರಹವನ್ನು ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ, ಅದನ್ನು ಕಂಪ್ಯೂಟರಿನಿಂದ ಬಿಚ್ಚಿಡಿ. ಆಮೇಲೆ `Czkawka` ಎಂಬ ಉಚಿತ ತಂತ್ರಾಂಶ ಸಾಕು.

ಒಂದು ಮದುವೆ ಫೋಟೊ ಹೀಗೆ ಮೂರು ಕಡೆ ಇದೆ ಅಂದುಕೊಳ್ಳಿ:

```
IMG_20190512_103015.jpg      4000x3000
IMG_20190512_103015(1).jpg   4000x3000
IMG-20190512-WA0014.jpg      1600x1200
```

ಮೊದಲೆರಡು ಒಂದೇ ಫೈಲಿನ ಎರಡು ಪ್ರತಿ. `Duplicate Files` ವಿಭಾಗದಲ್ಲಿ ಹೋಲಿಸುವ ವಿಧಾನ `Hash` ಆಗಿದ್ದರೆ ಅದು ಹೆಸರು ನೋಡುವುದಿಲ್ಲ, ಫೈಲಿನ ಒಳಗಿರುವುದನ್ನೇ ಲೆಕ್ಕ ಹಾಕಿ ಹೋಲಿಸುತ್ತದೆ. ಅದು ಒಂದೇ ಎಂದರೆ ಒಂದೇ. ಇಲ್ಲಿ ಯಂತ್ರವನ್ನು ನಂಬಿ.

ಮೂರನೆಯದು ವಾಟ್ಸಾಪ್ ಕುಗ್ಗಿಸಿ ಕಳಿಸಿದ ಪ್ರತಿ. ಫೋಟೊ ತೆಗೆದ ಸಮಯ, ಜಾಗದ ಮಾಹಿತಿಯೂ ಅದರಲ್ಲಿ ಉಳಿದಿರುವುದಿಲ್ಲ. ಇದನ್ನು ಹಿಡಿಯಲು `Similar Images` ಬೇಕು. ಅದು ಪ್ರತಿ ಚಿತ್ರವನ್ನೂ ಕೆಲವೇ ಚೌಕಗಳಷ್ಟು ಚಿಕ್ಕದು ಮಾಡಿ, ಎಲ್ಲಿ ಬೆಳಕು, ಎಲ್ಲಿ ಕತ್ತಲು ಎಂದಷ್ಟೇ ಹೋಲಿಸುತ್ತದೆ. ಎಡವಟ್ಟಾಗುವುದು ಇಲ್ಲೇ. ಮೂವತ್ತು ಜನರ ಗ್ರೂಪ್ ಫೋಟೊದಲ್ಲಿ ಒಬ್ಬರ ಮುಖ ಒಂದು ಚೌಕದಷ್ಟೂ ಇರುವುದಿಲ್ಲ. ಹಾಗಾಗಿ ಅಜ್ಜಿ ಕಣ್ಣು ಮುಚ್ಚಿದ ಫೋಟೊ, ಕಣ್ಣು ಬಿಟ್ಟ ಫೋಟೊ ಎರಡೂ ಅದಕ್ಕೆ ಒಂದೇ! ಹೋಲಿಕೆಯ ಮಿತಿಯನ್ನು ಬಿಗಿ ಮಾಡಿದರೂ ಈ ತೊಂದರೆ ಪೂರ್ತಿ ಹೋಗುವುದಿಲ್ಲ.

ಹಾಗಾಗಿ ಈ ಪಟ್ಟಿಯಲ್ಲಿ ಎಲ್ಲವನ್ನೂ ಒಟ್ಟಿಗೆ ಆರಿಸಬೇಡಿ. ಹೆಸರಿನಲ್ಲಿ `-WA` ಇದ್ದು, ಅದೇ ಚಿತ್ರದ ದೊಡ್ಡ ಪ್ರತಿ ಪಕ್ಕದಲ್ಲೇ ಇದ್ದರೆ ಮಾತ್ರ ಚಿಕ್ಕದನ್ನು ತೆಗೆಯಿರಿ. ಜೊತೆಗಾರ ಇಲ್ಲದ `-WA` ಫೋಟೊ ಮುಟ್ಟಬೇಡಿ. ಮೂಲ ಬೇರೆ ಯಾರದೋ ಫೋನಿನಲ್ಲಿದ್ದು, ನಿಮಗೆ ಸಿಕ್ಕಿರುವುದೇ ಅದೊಂದು ಇರಬಹುದು, ಅಲ್ವಾ? ಎರಡೂ ಕ್ಯಾಮೆರಾ ಫೈಲುಗಳೇ ಆಗಿದ್ದು, ತೆಗೆದ ಸಮಯದಲ್ಲಿ ಒಂದೆರಡು ಸೆಕೆಂಡ್ ವ್ಯತ್ಯಾಸವಿದ್ದರೆ ಅವು ಬೇರೆ ಬೇರೆ ಕ್ಲಿಕ್. ಮುಖಗಳನ್ನು ದೊಡ್ಡದು ಮಾಡಿ ನೀವೇ ನೋಡಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ಎಷ್ಟು ಎಂಬಿ ಎಂಬುದನ್ನು ಮಾತ್ರ ನೋಡಿ ಮೂಲ ಯಾವುದೆಂದು ತೀರ್ಮಾನಿಸುವುದೂ ತಪ್ಪು. ಎಡಿಟ್ ಮಾಡಿ ಮತ್ತೆ ಸೇವ್ ಮಾಡಿದ ಪ್ರತಿ ಕೆಲವೊಮ್ಮೆ ಮೂಲಕ್ಕಿಂತ ಭಾರ ಇರುತ್ತದೆ. ಅಗಲ-ಎತ್ತರ, ತೆಗೆದ ಸಮಯ, ಕ್ಯಾಮೆರಾ ಹೆಸರು ಮೂರನ್ನೂ ನೋಡಿ. `DSC_0412.NEF` ಮತ್ತು `DSC_0412.JPG` ಥರದ ಜೋಡಿ ಪಟ್ಟಿಯಲ್ಲಿ ಬಂದರೆ ಎರಡನ್ನೂ ಬಿಡಿ. ಮೊದಲನೆಯದು ಕ್ಯಾಮೆರಾದ ಕಚ್ಚಾ ಫೈಲು, ನಕಲಲ್ಲ.

ಆರಿಸಿದ್ದನ್ನು `Delete` ಬದಲು `Move` ಒತ್ತಿ ಬೇರೆ ಫೋಲ್ಡರಿಗೆ ಕಳಿಸಿ, ಒಂದೆರಡು ತಿಂಗಳು ಹಾಗೇ ಬಿಡಿ. ಈ ಕೆಲಸವನ್ನು ಫೋನಿನ ಗೂಗಲ್ ಫೋಟೋಸ್‌ನಲ್ಲಿ ಶುರು ಮಾಡಬೇಡಿ. ಬ್ಯಾಕಪ್ ಆದ ಫೋಟೊವನ್ನು ಅಲ್ಲಿ ಅಳಿಸಿದರೆ ಫೋನು, ಕ್ಲೌಡ್ ಎರಡರಿಂದಲೂ ಹೋಗುತ್ತದೆ. ಕಸದ ಬುಟ್ಟಿಯಲ್ಲಿ ಅದು ಉಳಿಯುವುದು 60 ದಿನ ಮಾತ್ರ.