ಆ್ಯಪ್ ‘ಫೇಲ್ಡ್’ ಅಂದಿತು, ಹಣ ಮಾತ್ರ ಕಟ್ ಆಯಿತು

ಅಂಗಡಿಯಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ 640 ರೂಪಾಯಿ ಹಾಕಿದಿರಿ. ಚಕ್ರ ತಿರುಗಿ ತಿರುಗಿ ‘ಫೇಲ್ಡ್’ ಎಂದು ಬಂತು. ಅಂಗಡಿಯವರ ಸೌಂಡ್‌ಬಾಕ್ಸ್ ಸದ್ದು ಮಾಡಲಿಲ್ಲ. ಆದರೆ ಹಣ ಕಡಿತವಾಗಿದೆ ಎಂದು ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿದೆ.

ಯುಪಿಐ ಪಾವತಿ ಒಂದೇ ಏಟಿಗೆ ಮುಗಿಯುವುದಿಲ್ಲ. ಪಿನ್ ಒತ್ತಿದ ಮೇಲೆ ಯುಪಿಐ ನಡೆಸುವ ಸಂಸ್ಥೆಯಾದ ಎನ್‌ಪಿಸಿಐ ಮೊದಲು ನಿಮ್ಮ ಬ್ಯಾಂಕಿಗೆ ‘ಹಣ ಕಡಿ’ ಎನ್ನುತ್ತದೆ. ಅಲ್ಲಿಂದ ಒಪ್ಪಿಗೆ ಬಂದ ಮೇಲಷ್ಟೇ ಅಂಗಡಿಯವರ ಬ್ಯಾಂಕಿಗೆ ‘ಜಮೆ ಮಾಡು’ ಎಂಬ ಸಂದೇಶ ಹೋಗುತ್ತದೆ. ತೊಂದರೆಯಾಗುವುದು ಹೆಚ್ಚಾಗಿ ಈ ಎರಡರ ನಡುವೆ.

ಅಂಗಡಿಯವರ ಬ್ಯಾಂಕು ಜಮೆ ಮಾಡಲು ಆಗದು ಎಂದು ಸ್ಪಷ್ಟವಾಗಿ ಹೇಳಿದರೆ ವ್ಯವಹಾರ ಫೇಲ್. ಹಣ ವಾಪಸ್ ಹಾಕು ಎಂಬ ಸಂದೇಶ ನಿಮ್ಮ ಬ್ಯಾಂಕಿಗೆ ಬರುತ್ತದೆ, ಸಾಮಾನ್ಯವಾಗಿ ಹಣ ಬೇಗನೆ ಮರಳುತ್ತದೆ. ಆ ಸಂದೇಶವೇ ದಾರಿಯಲ್ಲಿ ಸಿಕ್ಕಿಕೊಂಡರೆ ತಡವಾಗುತ್ತದೆ.

‘ಪೆಂಡಿಂಗ್’ ಇದಕ್ಕಿಂತ ಬೇರೆ. ಅಲ್ಲಿ ಹೌದು, ಇಲ್ಲ ಎರಡೂ ಉತ್ತರ ಬಂದಿಲ್ಲ. ಜಮೆ ಆಗಿಯೂ ಉತ್ತರ ಮಾತ್ರ ತಲುಪದೇ ಇರಬಹುದು. ಹಾಗಾಗಿಯೇ ಬ್ಯಾಂಕು ತಕ್ಷಣ ಹಣ ಹಿಂದಿರುಗಿಸುವುದಿಲ್ಲ. ಹಿಂದಿರುಗಿಸಿದರೆ ಒಂದೇ ಹಣ ಎರಡು ಕಡೆ ಸೇರಿಬಿಡಬಹುದು. ಬ್ಯಾಂಕುಗಳು ಪರಸ್ಪರ ಲೆಕ್ಕ ತಾಳೆ ನೋಡಿದಾಗ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಅದೇ ಮೊತ್ತವನ್ನು ಮತ್ತೆ ಯುಪಿಐನಲ್ಲಿ ಹಾಕಬೇಡಿ. ಸಾಮಾನು ಈಗಲೇ ಬೇಕಿದ್ದರೆ ನಗದು ಕೊಟ್ಟು, ಮೊದಲಿನ ಹಣವೂ ಬಂದರೆ ವಾಪಸ್ ಕೊಡಬೇಕೆಂದು ಅಂಗಡಿಯವರಿಗೆ ಹೇಳಿಡಿ.

ಎಷ್ಟು ದಿನ ಕಾಯಬೇಕು? 2019ರ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಗಡುವು ಹಾಕಿದೆ. ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸಿದ ಹಣ ಜಮೆಯಾಗದಿದ್ದರೆ ಮರುದಿನದೊಳಗೆ, ಅಂಗಡಿಗೆ ಕೊಟ್ಟ ಹಣ ಖಚಿತವಾಗದಿದ್ದರೆ ಐದು ದಿನದೊಳಗೆ ಅದು ತಾನಾಗಿ ಮರಳಬೇಕು. ಆಮೇಲೆ ತಡವಾದ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ, ಅದೂ ನೀವು ಕೇಳದೆಯೇ. ಮೇಲಿನ ಪಾವತಿ 12ನೇ ತಾರೀಕಿನದಾದರೆ ಗಡುವು 17. ಹಣ 20ಕ್ಕೆ ಬಂದರೆ ಮೂರು ದಿನ ತಡ, ಅಂದರೆ 640ರ ಜೊತೆ 300 ರೂಪಾಯಿ ಸೇರಿ ಬರಬೇಕು. ಬಂದಿಲ್ಲವಾದರೆ ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು.

ದೂರಿಗೆ ಬೇಕಾದದ್ದು ಆ ವ್ಯವಹಾರದ ವಿವರದಲ್ಲಿರುವ 12 ಅಂಕಿಯ ಯುಟಿಆರ್ ಸಂಖ್ಯೆ. ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟು, ಖಾತೆಯ ಸ್ಟೇಟ್‌ಮೆಂಟ್ ನೋಡಿ; ಹಣ ಆಗಲೇ ಮರಳಿ ಜಮೆಯಾಗಿರಬಹುದು. ಆಗಿಲ್ಲದಿದ್ದರೆ ಆ್ಯಪ್‌ನಲ್ಲಿ ಅದೇ ವ್ಯವಹಾರ ತೆರೆದು ದೂರು ಕೊಡಿ, ಬ್ಯಾಂಕಿಗೂ ತಿಳಿಸಿ. 30 ದಿನದೊಳಗೆ ಬ್ಯಾಂಕು ಉತ್ತರಿಸದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ cms.rbi.org.in ಮೂಲಕ ಬರೆಯಬಹುದು.

ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ; ಮೋಸಗಾರರು ಕಾಯುವುದು ಅಲ್ಲೇ. ಕಾರ್ಡಿನ ಹಿಂಬದಿಯ ಅಥವಾ ಪಾಸ್‌ಬುಕ್ಕಿನಲ್ಲಿರುವ ನಂಬರ್ ಬಳಸಿ. ಹಣ ವಾಪಸ್ ಪಡೆಯಲು ಯುಪಿಐ ಪಿನ್ ಬೇಕಾಗುವುದೇ ಇಲ್ಲ. ಯಾರಾದರೂ ರೀಫಂಡ್‌ಗಾಗಿ ಪಿನ್ ಒತ್ತಿ ಎಂದರೆ ಫೋನ್ ಇಟ್ಟುಬಿಡಿ.